ಎಣಿಸಿ ಕೊಟ್ಟ ಗಂಟೆಗಳಲ್ಲಿ ಆನ್‌ಲೈನ್ ಸಂಪಾದನೆ

ಹುಮನಾಬಾದ್, ಬಸವಕಲ್ಯಾಣಗಳ ಆಸುಪಾಸಿನ ಕೊಡಂಬಲದಂಥ ಊರುಗಳಲ್ಲಿ, ಹೊಲವನ್ನೋ ಮನೆಯನ್ನೋ ಬ್ಯಾಂಕಿಗೆ ಆಧಾರವಾಗಿ ಕೊಟ್ಟು ಮಗನನ್ನೋ ಮಗಳನ್ನೋ ಪರದೇಶದ ವಿಶ್ವವಿದ್ಯಾಲಯಕ್ಕೆ ಕಳುಹಿಸುವ ಕುಟುಂಬಗಳಲ್ಲಿ, ವೀಸಾ ಕೈಗೆ ಬಂದು ಟಿಕೆಟ್ಟಿನ ಮಾತು ಆರಂಭವಾಗುವ ಹೊತ್ತಿಗೆ, ಸಾಲದ ಬಡ್ಡಿಯನ್ನು ಮನಸ್ಸಿನಲ್ಲಿ ಲೆಕ್ಕ ಹಾಕುತ್ತ ಕುಳಿತ ಹಿರಿಯರೊಬ್ಬರು ತಪ್ಪದೆ ಕೇಳುವ ಪ್ರಶ್ನೆಯೊಂದುಂಟು: “ಹೊರಗ ಹೋಗಿ ದುಡದ್ರ ವಾರಕ್ಕ ಇಪ್ಪತ್ತ ತಾಸು ಅಂತಾರ, ಖರೆ. ಆದ್ರ ಖೋಲ್ಯಾಗ ಕುಂತು ಕಂಪ್ಯೂಟರ್‌ದಾಗ ಮಾಡೂ ಕೆಲಸ ಯಾರ್ ಎಣಸ್ತಾರ?” ಪ್ರಶ್ನೆ ಸಹಜವಾದುದು, ಆದರೆ ಅದರೊಳಗೆ ಅಡಗಿರುವ ಊಹೆ ಬಹುಮಟ್ಟಿಗೆ ತಪ್ಪಾದುದು. ಈ ತಪ್ಪೂಹೆಯ ಮೇಲೆಯೇ ಅಂತರ್ಜಾಲದಲ್ಲಿ ಹರಿದಾಡುವ ‘ವಿದ್ಯಾರ್ಥಿಗಳಿಗೆ ಹತ್ತು ಸಂಪಾದನೆಯ ದಾರಿಗಳು’ ಎಂಬ ನಮೂನೆಯ ಉಪದೇಶಗಳಲ್ಲಿ ಮುಕ್ಕಾಲು ಪಾಲು ನಿಂತಿರುವುದರಿಂದ, ದಾರಿಗಳನ್ನು ಹುಡುಕುವ ಮೊದಲು ಈ ಊಹೆಯನ್ನು ಸ್ವಲ್ಪ ನಿಧಾನವಾಗಿ ಪರೀಕ್ಷಿಸಿ ನೋಡುವುದು ಯುಕ್ತ.

ವಿದ್ಯಾರ್ಥಿ ವೀಸಾದ ಕಾನೂನು ಸಾಮಾನ್ಯವಾಗಿ ಗಮನಿಸುವುದು ಹಣ ಯಾವ ದೇಶದಿಂದ ಬಂದಿತೆಂಬುದನ್ನಲ್ಲ, ಅದು ಯಾವ ಖಾತೆಗೆ ಜಮೆಯಾಯಿತೆಂಬುದನ್ನೂ ಅಲ್ಲ. ದುಡಿಯುವ ಮನುಷ್ಯನು ದುಡಿಯುವ ಹೊತ್ತಿನಲ್ಲಿ ಯಾವ ನೆಲದ ಮೇಲೆ ಕುಳಿತಿದ್ದನೆಂಬುದನ್ನು. ಬರ್ಮಿಂಗ್‌ಹ್ಯಾಮಿನ ಒಂದು ಬಾಡಿಗೆಯ ಕೋಣೆಯಲ್ಲಿ ಕುಳಿತು ಬೆಂಗಳೂರಿನ ಕಂಪನಿಯೊಂದಕ್ಕೆ ರಾತ್ರಿ ಎರಡು ಗಂಟೆ ಕೆಲಸ ಮಾಡಿ, ಅದರ ಸಂಬಳವನ್ನು ಹುಮನಾಬಾದಿನ ಬ್ಯಾಂಕ್ ಶಾಖೆಯಲ್ಲಿ ರೂಪಾಯಿಗಳಲ್ಲಿ ಪಡೆದರೂ, ಬ್ರಿಟನ್ನಿನ ದೃಷ್ಟಿಯಲ್ಲಿ ಅದು ಬ್ರಿಟನ್ನಿನಲ್ಲಿ ಮಾಡಿದ ಕೆಲಸವೇ. ಅಲ್ಲಿ ಪದವಿ ಮಟ್ಟದ ವಿದ್ಯಾರ್ಥಿಗೆ ಪಾಠಗಳು ನಡೆಯುವ ಕಾಲದಲ್ಲಿ ವಾರಕ್ಕೆ 20 ಗಂಟೆಗಳ ಮಿತಿಯುಂಟು. ವಾರವೆಂದರೆ ಸೋಮವಾರದಿಂದ ಭಾನುವಾರದವರೆಗಿನ ಏಳು ದಿನ. ಒಂದು ವಾರ 12, ಮರುವಾರ 28 ಮಾಡಿ ಸರಾಸರಿ 20 ಎಂದು ವಾದಿಸಲು ಅಲ್ಲಿ ಅವಕಾಶವಿಲ್ಲ. ಎರಡು ಕಡೆ ಕೆಲಸವಿದ್ದರೆ ಎರಡನ್ನೂ ಕೂಡಿಸಬೇಕು.

ದುಡಿಯುವ ನೆಲವನ್ನೇ ನೋಡುವ ನಿಯಮಕ್ಕೆ ಒಂದು ಸ್ಪಷ್ಟವಾದ ಅಪವಾದವುಂಟು, ಅದು ಕೆನಡಾ. ಅಲ್ಲಿ 2024ರ ನವೆಂಬರ್ 8ರಿಂದ ವಿಶ್ವವಿದ್ಯಾಲಯದ ಹೊರಗಿನ ದುಡಿಮೆಗೆ ವಾರಕ್ಕೆ 24 ಗಂಟೆಗಳ ಮಿತಿಯಿದೆ. ಆದರೆ ಕೆನಡಾದ ಹೊರಗಿರುವ ಒಡೆಯನಿಗಾಗಿ ಅಂತರ್ಜಾಲದ ಮೂಲಕ ಮಾಡುವ ಕೆಲಸದ ಗಂಟೆಗಳನ್ನು, ವಿದ್ಯಾಭ್ಯಾಸದ ಷರತ್ತುಗಳು ಪಾಲನೆಯಾಗುತ್ತಿರುವ ತನಕ, ಈ ಮಿತಿಯಲ್ಲಿ ಸೇರಿಸುವುದಿಲ್ಲವೆಂದು ಅಲ್ಲಿಯ ವಲಸೆ ಇಲಾಖೆಯೇ ಹೇಳಿದೆ. ಟೊರಾಂಟೊದಲ್ಲಿರುವ ಅಣ್ಣನು ನಿರ್ಭಯವಾಗಿ ಮಾಡಿದುದನ್ನು ಲಂಡನ್ನಿನಲ್ಲಿರುವ ತಮ್ಮನು ಅನುಕರಿಸಿದರೆ ಅವನ ವೀಸಾಕ್ಕೇ ಸಂಚಕಾರ ಬರಬಹುದಾದದ್ದು ಹೀಗೆ. ಆಸ್ಟ್ರೇಲಿಯದ ಲೆಕ್ಕ ಬೇರೆ: ಅಲ್ಲಿ 2023ರ ಜುಲೈ 1ರಿಂದ ಸೋಮವಾರಕ್ಕೆ ಆರಂಭವಾಗುವ ಹದಿನಾಲ್ಕು ದಿನಗಳಿಗೆ 48 ಗಂಟೆ, ಎರಡು ವಾರಗಳಲ್ಲಿ ಅದನ್ನು ಏರುಪೇರು ಮಾಡಿ ಹಂಚಿಕೊಳ್ಳಬಹುದು, ವ್ಯವಹಾರ ಸಂಖ್ಯೆಯನ್ನು ಪಡೆದು ಸ್ವತಂತ್ರವಾಗಿ ದುಡಿಯಲೂಬಹುದು, ಆದರೆ ಆ ಗಂಟೆಗಳೂ 48ರೊಳಗೇ ಸೇರುತ್ತವೆ. ಅಮೆರಿಕೆಯ ಎಫ್-1 ವಿದ್ಯಾರ್ಥಿಗೋ, ಪಾಠದ ಕಾಲದಲ್ಲಿ ಆವರಣದೊಳಗಿನ 20 ಗಂಟೆಗಳ ಕೆಲಸವನ್ನು ಬಿಟ್ಟರೆ, ವಿಶೇಷ ಅನುಮತಿಯಿಲ್ಲದೆ ಹೊರಗಿನ ಯಾವ ದುಡಿಮೆಯೂ ಸಲ್ಲದು. ಆನ್‌ಲೈನ್ ಎಂಬ ವಿಶೇಷಣದಿಂದ ಅಲ್ಲಿ ಯಾವ ರಿಯಾಯಿತಿಯೂ ದೊರೆಯುವುದಿಲ್ಲ.

ಗಂಟೆಗಳ ಮಿತಿಯನ್ನು ಎಲ್ಲರೂ ಬಲ್ಲರು. ಆದರೆ ಆನ್‌ಲೈನ್ ಸಂಪಾದನೆಯ ವಿಷಯದಲ್ಲಿ ಅದಕ್ಕಿಂತಲೂ ನಿರ್ಣಾಯಕವಾದುದು ಇನ್ನೊಂದು ಭೇದ: ನೌಕರಿ ಮತ್ತು ಸ್ವಯಂ-ಉದ್ಯೋಗ. ಒಬ್ಬ ಒಡೆಯನು ಕರಾರು ಬರೆದುಕೊಟ್ಟು, ಸಂಬಳಪಟ್ಟಿಯಲ್ಲಿ ಹೆಸರು ಸೇರಿಸಿ, ತೆರಿಗೆ ಮುರಿದು, ತಿಂಗಳಿಗೊಮ್ಮೆ ಹಣ ಕೊಟ್ಟರೆ ಅದು ನೌಕರಿ. ನಮ್ಮ ಕೆಲಸಕ್ಕೆ ನಾವೇ ಬೆಲೆ ಕಟ್ಟಿ, ಅದನ್ನು ಹತ್ತು ಗಿರಾಕಿಗಳಿಗೆ ಮಾರಿ, ಬಿಲ್ಲು ಬರೆದು ಹಣ ಪಡೆದರೆ ಅದು ಸ್ವಯಂ-ಉದ್ಯೋಗ. ಬ್ರಿಟನ್ನಿನ ವಿದ್ಯಾರ್ಥಿ ವೀಸಾ ಎರಡನೆಯದನ್ನು ಪೂರ್ಣವಾಗಿ ನಿಷೇಧಿಸುತ್ತದೆ. ವಾರಕ್ಕೆ ಒಂದೇ ಗಂಟೆ ಮಾಡಿದರೂ ನಿಷೇಧವೇ. ಫ್ರೀಲಾನ್ಸ್ ವೇದಿಕೆಗಳ ಮೇಲಿನ ವಿನ್ಯಾಸದ ಕೆಲಸ, ತಾನೇ ಗಿರಾಕಿಗಳನ್ನು ಹುಡುಕಿ ಹೇಳುವ ಮನೆಪಾಠ, ಜಾಹೀರಾತಿನ ಹಣಕ್ಕಾಗಿ ನಡೆಸುವ ಯೂಟ್ಯೂಬ್ ವಾಹಿನಿ, ಸೀರೆಯನ್ನೋ ಬಿದರಿ ಒಡವೆಯನ್ನೋ ತರಿಸಿ ಅಂತರ್ಜಾಲದಲ್ಲಿ ಮಾರುವುದು, ಇವೆಲ್ಲವೂ ಆ ನಿಷೇಧದ ಬಲೆಯೊಳಗೆ ಬೀಳತಕ್ಕವು. ‘ಆನ್‌ಲೈನ್ ಸಂಪಾದನೆ’ ಎಂದು ನಾವು ಯಾವುದನ್ನು ಕರೆಯುತ್ತೇವೆಯೋ ಅದರಲ್ಲಿ ಬಹುಭಾಗ ಸ್ವಯಂ-ಉದ್ಯೋಗವೇ ಆಗಿರುವುದರಿಂದ, ಬ್ರಿಟನ್ನಿಗೆ ಹೊರಟವರಿಗೆ ಉಳಿಯುವುದು ಸಂಬಳಪಟ್ಟಿಯ ಮೇಲಿನ ಕೆಲಸವೊಂದೇ: ವಿಶ್ವವಿದ್ಯಾಲಯದ ಸಹಾಯವಾಣಿ, ಗ್ರಂಥಾಲಯದ ಚಾಟ್ ಸೇವೆ, ಮನೆಯಿಂದ ಮಾಡಲು ಬಿಡುವ ಅರೆಕಾಲಿಕ ನೌಕರಿ, ಇಷ್ಟೇ.

ಜರ್ಮನಿಯ ವಿಚಾರ ಇದಕ್ಕಿಂತ ಸಮೃದ್ಧವಾದುದು, ಹಾಗೂ ಶುಲ್ಕದ ಭಾರ ಅಲ್ಲಿಯ ಹೆಚ್ಚಿನ ಸರಕಾರೀ ವಿಶ್ವವಿದ್ಯಾಲಯಗಳಲ್ಲಿ ಕಡಿಮೆಯಾದುದರಿಂದ ಕಲ್ಯಾಣ ಕರ್ನಾಟಕದ ಸಾಧಾರಣ ಮನೆಗಳ ಮಕ್ಕಳಿಗೂ ಎಟುಕಬಹುದಾದುದು. ಆದುದರಿಂದ ಅದನ್ನೇ ಉದಾಹರಣೆಯಾಗಿ ತೆಗೆದುಕೊಂಡು ಕೊನೆಯವರೆಗೆ ನಡೆದು ನೋಡೋಣ. ಕೊಡಂಬಲದ ಒಬ್ಬ ತೊಗರಿ ಬೆಳೆಗಾರರ ಮಗಳು, ಎಂಜಿನಿಯರಿಂಗ್ ಪದವಿ ಮುಗಿಸಿದವಳು, ಅಲ್ಲಿಯ ಒಂದು ಊರಿಗೆ ಎಂ.ಎಸ್‌ಸಿ. ಓದಲು ಹೋದಳೆಂದು ಭಾವಿಸಿಕೊಳ್ಳಿ. ವೀಸಾಕ್ಕೆ ಮುನ್ನವೇ ಅವಳು ‘ಬಂಧಿತ ಖಾತೆ’ಯೊಂದರಲ್ಲಿ 11,904 ಯೂರೋ ಇಟ್ಟಿರಬೇಕು; ಅಲ್ಲಿ ಇಳಿದ ಮೇಲೆ ಆ ಖಾತೆ ತಿಂಗಳಿಗೆ 992 ಯೂರೋದಂತೆ ಅವಳಿಗೆ ಬಿಡುಗಡೆ ಮಾಡುತ್ತದೆ. ಇದರ ಅರ್ಥವನ್ನು ಊರಿನವರು ಸರಿಯಾಗಿ ಗ್ರಹಿಸಬೇಕು: ಮೊದಲ ವರ್ಷದ ಜೀವನವನ್ನು ಸಂಪಾದನೆಯಿಂದ ನಡೆಸುತ್ತೇನೆಂಬ ಮಾತನ್ನು ಆ ಸರಕಾರ ಒಪ್ಪಿಕೊಂಡಿಲ್ಲ, ಹಣ ಮೊದಲೇ ಇದೆಯೆಂಬ ಆಧಾರದ ಮೇಲೆಯೇ ಒಳಗೆ ಬಿಟ್ಟಿದೆ. ದುಡಿದು ಉಳಿಸಿದ್ದು ಎರಡನೆಯ ವರ್ಷಕ್ಕೆ ಒದಗತಕ್ಕದ್ದು.

ಅವಳಿಗೆ ಕೊಡುವ ನಿವಾಸದ ಅನುಮತಿಪತ್ರದ ಜೊತೆಗೆ ಹಸಿರು ಬಣ್ಣದ ಒಂದು ಚಿಕ್ಕ ಪೂರಕ ಹಾಳೆಯೂ ಇರುವುದುಂಟು. ಎಲ್ಲರೂ ಕಾರ್ಡನ್ನು ಜೋಪಾನ ಮಾಡಿ ಹಾಳೆಯನ್ನು ಯಾವುದೋ ಕಡತದೊಳಗೆ ಮರೆಯುತ್ತಾರೆ. ಆದರೆ ದುಡಿಮೆಯ ಬಗೆಗಿನ ನಿಬಂಧನೆಗಳೆಲ್ಲ ಬರೆದಿರುವುದು ಆ ಹಾಳೆಯಲ್ಲಿಯೇ. ಅದರಲ್ಲಿ ಸಾಮಾನ್ಯವಾಗಿ ಎರಡು ಸಂಗತಿಗಳಿರುತ್ತವೆ. ಮೊದಲನೆಯದು, ವರ್ಷಕ್ಕೆ 140 ಪೂರ್ಣ ದಿನ ಅಥವಾ 280 ಅರ್ಧ ದಿನಗಳ ನೌಕರಿಗೆ ಅನುಮತಿ. 2024ರ ಮಾರ್ಚ್‌ಗೆ ಮೊದಲು ಇದು 120 ಮತ್ತು 240 ಆಗಿತ್ತು. ಎರಡನೆಯದು, ಸ್ವಯಂ-ಉದ್ಯೋಗಕ್ಕೆ ಅನುಮತಿಯಿಲ್ಲವೆಂಬ ಒಂದು ಸಾಲು.

ಮೊದಲನೆಯದನ್ನು ಬಿಡಿಸಿ ಹೇಳಬೇಕು. ಒಂದು ದಿನದಲ್ಲಿ ನಾಲ್ಕು ಗಂಟೆಗಳವರೆಗೆ ದುಡಿದರೆ ಅದು ಅರ್ಧ ದಿನ, ಅದಕ್ಕಿಂತ ಹೆಚ್ಚಾದರೆ ಪೂರ್ಣ ದಿನ. ಹಾಗಾದರೆ ದಿನಕ್ಕೆ ಐದು ಗಂಟೆ ದುಡಿಯುವವನು ಮೂರ್ಖನೆಂದಾಯಿತು: ಒಂದು ಗಂಟೆಯ ಆಸೆಗೆ ಅರ್ಧ ದಿನವನ್ನು ಕಳೆದುಕೊಳ್ಳುತ್ತಾನೆ. ಇದಕ್ಕೆ ಪರ್ಯಾಯವಾದ ಎಣಿಕೆಯೂ ಕಾನೂನಿನಲ್ಲಿಯೇ ಇದೆ. ಪಾಠದ ಕಾಲದಲ್ಲಿ ವಾರಕ್ಕೆ 20 ಗಂಟೆ ಮೀರದ ನೌಕರಿಯನ್ನು, ಅದು ಯಾವ ಯಾವ ದಿನಗಳಲ್ಲಿ ಹೇಗೆ ಹಂಚಿಕೊಂಡಿದ್ದರೂ, ವಾರಕ್ಕೆ ಎರಡೂವರೆ ದಿನವೆಂದೇ ಖರ್ಚು ಹಾಕುತ್ತಾರೆ. 140ನ್ನು ಎರಡೂವರೆಯಿಂದ ಭಾಗಿಸಿದರೆ 56 ವಾರ, ವರ್ಷದಲ್ಲಿರುವುದು 52. ಎಂದರೆ ವಾರಕ್ಕೆ 20 ಗಂಟೆಯೊಳಗಿನ ಒಂದೇ ನೌಕರಿಯನ್ನು ಹಿಡಿದವಳಿಗೆ ದಿನಗಳ ಚಿಂತೆಯೇ ಇಲ್ಲ. ಇವೆರಡು ಎಣಿಕೆಗಳಲ್ಲಿ ವಿದ್ಯಾರ್ಥಿಗೆ ಯಾವುದು ಲಾಭಕರವೋ ಅದನ್ನೇ ಅನ್ವಯಿಸತಕ್ಕದ್ದೆಂಬುದು ನಿಯಮ.

ಇದಕ್ಕಿಂತಲೂ ಮುಖ್ಯವಾದ ಮಾತೆಂದರೆ, ‘ವಿದ್ಯಾರ್ಥಿ ಸಹಾಯಕ’ರೆಂದು ವಿಶ್ವವಿದ್ಯಾಲಯವೇ ಕೊಡುವ ಕೆಲಸವು ಈ ದಿನಗಳ ಖಾತೆಗೆ ಸೇರುವುದೇ ಇಲ್ಲ. ಅಲ್ಲಿಯ ವಿದ್ಯಾರ್ಥಿಗಳು ಇದನ್ನು ‘ಹೀವಿ’ ಎಂದು ಸಂಕ್ಷೇಪವಾಗಿ ಕರೆಯುತ್ತಾರೆ. ಪ್ರಾಧ್ಯಾಪಕರ ಪೀಠಕ್ಕೆ ಸಂಬಂಧಿಸಿದ ದತ್ತಾಂಶವನ್ನು ಒಪ್ಪವಾಗಿಡುವುದು, ಪ್ರಯೋಗದ ಫಲಿತಗಳಿಗೆ ಸಣ್ಣ ಪ್ರೋಗ್ರಾಮು ಬರೆಯುವುದು, ಕೆಳ ತರಗತಿಗಳ ಅಭ್ಯಾಸದ ಹಾಳೆಗಳನ್ನು ತಿದ್ದುವುದು, ಪಾಠದ ವಿಡಿಯೊಗಳನ್ನು ಸಂಕಲಿಸಿ ಜಾಲತಾಣಕ್ಕೆ ಏರಿಸುವುದು, ಇಂಥವುಗಳಲ್ಲಿ ಹಲವನ್ನು ಇಂದು ಕೋಣೆಯಲ್ಲಿ ಕುಳಿತೇ ಮಾಡಬಹುದು. ಆನ್‌ಲೈನ್ ಸಂಪಾದನೆಯ ಪಟ್ಟಿಗಳಲ್ಲಿ ಈ ಕೆಲಸದ ಹೆಸರು ವಿರಳವಾಗಿ ಕಾಣುತ್ತದೆ, ಅದನ್ನು ಶಿಫಾರಸು ಮಾಡಿದವರಿಗೆ ಕಮಿಷನ್ ಸಿಗುವುದಿಲ್ಲವಲ್ಲ! ಆದರೆ ನನ್ನ ತೀರ್ಮಾನದಲ್ಲಿ ಮಿತಿಯೊಳಗಿರುವ ವಿದ್ಯಾರ್ಥಿಗೆ ಇದಕ್ಕೆ ಸಮನಾದ ಆನ್‌ಲೈನ್ ಕೆಲಸ ಮತ್ತೊಂದಿಲ್ಲ.

ಅದನ್ನು ಪಡೆಯುವ ಬಗೆಯೂ ಗೂಢವಾದುದೇನಲ್ಲ. ವಿಶ್ವವಿದ್ಯಾಲಯದ ಉದ್ಯೋಗ ಫಲಕದಲ್ಲಿ ಹುಡುಕಬೇಕು. ಅದಕ್ಕಿಂತ ಫಲಕಾರಿಯಾದುದು, ಮೊದಲ ಸೆಮಿಸ್ಟರಿನಲ್ಲಿ ತಾನು ಚೆನ್ನಾಗಿ ಮಾಡಿದ ಒಂದು ವಿಷಯದ ಪೀಠದಲ್ಲಿರುವ ಸಂಶೋಧಕ ಸಹಾಯಕರಿಗೆ ನೇರವಾಗಿ ಹತ್ತು ಸಾಲಿನ ಪತ್ರ ಬರೆಯುವುದು: ಯಾವ ಪಾಠಕ್ಕೆ ಕುಳಿತೆ, ಯಾವ ಉಪಕರಣ ಬಲ್ಲೆ, ತಿಂಗಳಿಗೆ ಎಷ್ಟು ಗಂಟೆ ಕೊಡಬಲ್ಲೆ. ಒಪ್ಪಿಗೆ ಬಂದ ಮೇಲೂ ಕೆಲಸ ಕೂಡಲೇ ಆರಂಭವಾಗುವುದಿಲ್ಲ. ನಿವಾಸದ ಅನುಮತಿ, ವಿದ್ಯಾರ್ಥಿ ದಾಖಲಾತಿ, ಆರೋಗ್ಯ ವಿಮೆ, ತೆರಿಗೆ ಗುರುತಿನ ಸಂಖ್ಯೆ ಇವುಗಳ ಪ್ರತಿಗಳನ್ನು ಆಡಳಿತ ಕಛೇರಿ ಕೇಳುತ್ತದೆ, ಕರಾರಿಗೆ ರುಜು ಬೀಳಲು ವಾರಗಳೇ ಹಿಡಿಯುತ್ತವೆ, ರುಜುವಿಗೆ ಮುಂಚೆ ಒಂದು ಗಂಟೆಯೂ ದುಡಿಯಕೂಡದು. ತೆರಿಗೆ ಸಂಖ್ಯೆಯೋ, ವಾಸದ ವಿಳಾಸವನ್ನು ಪುರಸಭೆಯಲ್ಲಿ ನೋಂದಾಯಿಸಿದ ಮೇಲೆ ಅಂಚೆಯ ಮೂಲಕವೇ ಬರತಕ್ಕದ್ದು. ಬಾಗಿಲಿನ ಅಂಚೆಪೆಟ್ಟಿಗೆಯ ಮೇಲೆ ತನ್ನ ಹೆಸರಿನ ಚೀಟಿ ಅಂಟಿಸದವಳಿಗೆ ಆ ಪತ್ರ ತಲುಪುವುದೇ ಇಲ್ಲ. ಅಕ್ಟೋಬರಿನಲ್ಲಿ ಹೋದವಳ ಮೊದಲ ಸಂಬಳವನ್ನು ಊರಿನಲ್ಲಿ ದೀಪಾವಳಿಗೇ ನಿರೀಕ್ಷಿಸುವುದು ಅವಿವೇಕ.

ಹಣದ ಪ್ರಮಾಣ ಎಷ್ಟು? ಜರ್ಮನಿಯ ಕನಿಷ್ಠ ವೇತನ 2026ರ ಜನವರಿಯಿಂದ ಗಂಟೆಗೆ 13.90 ಯೂರೋ. ತಿಂಗಳಿಗೆ 40 ಗಂಟೆಗಳ ಕರಾರಾದರೆ 556 ಯೂರೋ. ತಿಂಗಳ ಜೀವನಕ್ಕೆಂದು ಸರಕಾರ ಗೊತ್ತುಮಾಡಿರುವ 992ರ ಅರ್ಧಕ್ಕಿಂತ ಸ್ವಲ್ಪ ಹೆಚ್ಚು. ಇದು ತಿಂಗಳಿಗೆ 603 ಯೂರೋ ಮೀರದ ‘ಮಿನಿಜಾಬ್’ ವರ್ಗದೊಳಗೇ ಬರುವುದರಿಂದ, ಪಿಂಚಣಿ ವಂತಿಗೆ ಬೇಡವೆಂದು ಲಿಖಿತವಾಗಿ ತಿಳಿಸಿದರೆ, ಬಹುಮಟ್ಟಿಗೆ ಇಡಿಯಾಗಿ ಕೈಸೇರುತ್ತದೆ. ವಾರಕ್ಕೆ ಹತ್ತು ಗಂಟೆಗಿಂತ ಕಡಿಮೆ, ಓದಿಗೆ ಕುಂದಿಲ್ಲ. ಸಾಲ ತೀರಿಸಲು ಇದು ಸಾಲದು, ಮನೆಯಿಂದ ಮತ್ತೆ ಹಣ ತರಿಸದಿರಲು ಸಾಕು.

ಇನ್ನು ಎರಡನೆಯ ಸಾಲಿಗೆ, ಸ್ವಯಂ-ಉದ್ಯೋಗಕ್ಕೆ ಬರೋಣ. ನಮ್ಮ ಬೀದರ ಜಿಲ್ಲೆಯ ಮಕ್ಕಳಿಗೆ ಒಂದು ವಿಶೇಷ ಸಂಪತ್ತುಂಟು. 1956ರ ನವೆಂಬರ್ 1ರವರೆಗೆ ಹೈದರಾಬಾದ್ ರಾಜ್ಯದಲ್ಲಿದ್ದ ಈ ಸೀಮೆಯಲ್ಲಿ ಕನ್ನಡ, ಮರಾಠಿ, ಉರ್ದು, ತೆಲುಗು ನಾಲ್ಕೂ ಸಂತೆಯಲ್ಲಿ ಒಟ್ಟಿಗೆ ಕೇಳುತ್ತವೆ. ಹುಮನಾಬಾದಿನ ಅಂಗಡಿಯ ಹುಡುಗನಿಗೆ ಕೂಡ ಮೂರು ಭಾಷೆಗಳು ನಾಲಗೆಯ ತುದಿಯಲ್ಲಿರುತ್ತವೆ. ಪರದೇಶಗಳಲ್ಲಿರುವ ಕನ್ನಡ ಕುಟುಂಬಗಳು ಮಕ್ಕಳಿಗೆ ಅಕ್ಷರ ಕಲಿಸಲು ಶಿಕ್ಷಕರನ್ನು ಹುಡುಕುತ್ತಿರುವುದೂ ನಿಜವೇ. ಆದರೆ ಇಲ್ಲಿಯೂ ಒಂದು ಎಚ್ಚರಿಕೆ ಬೇಕು: ಕನ್ನಡ ಸಂಘಗಳು ವಾರಾಂತ್ಯದಲ್ಲಿ ನಡೆಸುವ ಕನ್ನಡ ಶಾಲೆಗಳು ಬಹುತೇಕ ಸ್ವಯಂಸೇವಕರ ಶ್ರಮದಿಂದಲೇ ನಡೆಯತಕ್ಕವು, ಅಲ್ಲಿ ಸಂಬಳವಿಲ್ಲ, ಹಣ ಕೊಟ್ಟು ಪ್ರತ್ಯೇಕ ಪಾಠ ಹೇಳಿಸುವ ತಂದೆತಾಯಿಗಳ ಸಂಖ್ಯೆ ಮಿತವಾದುದು. ಗಣಿತದ ಪಾಠಕ್ಕೆ ಗಿರಾಕಿ ಹೆಚ್ಚು. ಕನ್ನಡದಲ್ಲಿ ವಿವರಿಸಿ ಗಣಿತ ಹೇಳಬಲ್ಲವಳಿಗೆ ಇನ್ನೂ ಹೆಚ್ಚು.

ಇಂಥ ಪಾಠಕ್ಕೆ ಅವಳು ವಿದೇಶೀಯರ ಕಛೇರಿಯಿಂದ ಮುಂಗಡವಾಗಿ ಅನುಮತಿ ಪಡೆಯಬೇಕು. ಅರ್ಜಿಯಲ್ಲಿ ಯಾವ ಕೆಲಸ, ವಾರಕ್ಕೆ ಎಷ್ಟು ಗಂಟೆ, ಅಂದಾಜು ಆದಾಯವೆಷ್ಟು ಎಂಬುದನ್ನು ಹೇಳಿ, ಓದು ಕ್ರಮವಾಗಿ ಸಾಗುತ್ತಿದೆಯೆಂಬುದಕ್ಕೆ ಅಂಕಪಟ್ಟಿಯನ್ನು ಲಗತ್ತಿಸಿದರೆ ಒಳ್ಳೆಯದು. ಅನುಮತಿ ಅವರ ವಿವೇಚನೆಗೆ ಬಿಟ್ಟದ್ದು. ಬಂದರೂ ಷರತ್ತುಗಳೊಡನೆ ಬರಬಹುದು. ಬಂದ ಮೇಲೆ ಎಲ್‌ಸ್ಟರ್ ಎಂಬ ಸರಕಾರೀ ತೆರಿಗೆ ಜಾಲತಾಣದಲ್ಲಿ ಒಂದು ಪ್ರಶ್ನಾವಳಿಯನ್ನು ತುಂಬಿ, ಕೆಲಸ ಆರಂಭಿಸಿದ ಒಂದು ತಿಂಗಳೊಳಗೆ ತೆರಿಗೆ ಇಲಾಖೆಗೆ ತಿಳಿಸಬೇಕು. ಪಾಠ, ಭಾಷಾಂತರ, ಬರವಣಿಗೆ ಇವು ಅಲ್ಲಿ ‘ಸ್ವತಂತ್ರ ವೃತ್ತಿ’ಗಳು, ವ್ಯಾಪಾರದ ಪರವಾನಗಿ ಬೇಡ, ಸರಕು ಮಾರಿದರೆ ಅಥವಾ ಜಾಹೀರಾತಿನ ಹಣ ಪಡೆದರೆ ಅದು ವ್ಯಾಪಾರ, ಪರವಾನಗಿ ಬೇಕು. ಸಣ್ಣ ಆದಾಯದವರಿಗೆ ಮಾರಾಟ ತೆರಿಗೆಯಿಂದ ವಿನಾಯಿತಿಯುಂಟು, ಆ ಮಿತಿ ಹಿಂದಿನ ವರ್ಷದ ವಹಿವಾಟಿಗೆ 25,000 ಯೂರೋ. ವಿದ್ಯಾರ್ಥಿಯೊಬ್ಬಳು ಅದನ್ನು ಮುಟ್ಟುವ ಭಯವಿಲ್ಲ. ಆದಾಯ ತೆರಿಗೆಯ ವಿನಾಯಿತಿ 2026ಕ್ಕೆ 12,348 ಯೂರೋ, ಅದರಲ್ಲಿ ಸಂಬಳ ಮತ್ತು ಪಾಠದ ಆದಾಯ ಎರಡೂ ಸೇರುತ್ತವೆ.

ಅನುಮತಿ ದೊರೆಯಿತೆಂದೇ ಇಟ್ಟುಕೊಂಡು ಅವಳ ಗಳಿಕೆಯನ್ನು ಲೆಕ್ಕ ಹಾಕೋಣ. ಗಂಟೆಗೆ 15 ಯೂರೋದಂತೆ ವಾರಕ್ಕೆ ನಾಲ್ಕು ಮಕ್ಕಳಿಗೆ ಬೇರೆ ಬೇರೆಯಾಗಿ ಪಾಠ ಹೇಳುತ್ತಾಳೆ: 60 ಯೂರೋ. ಕನಿಷ್ಠ ವೇತನಕ್ಕಿಂತ ಮೇಲೆಂದು ಅವಳಿಗೆ ಸಂತೋಷ. ಆದರೆ ಪ್ರತಿ ಪಾಠಕ್ಕೆ ಅರ್ಧ ಗಂಟೆಯ ಸಿದ್ಧತೆ ಬೇಕು, ನಾಲ್ಕಕ್ಕೆ ಎರಡು ಗಂಟೆ. ತಂದೆತಾಯಿಗಳ ವಾಟ್ಸಾಪ್ ಸಂದೇಶಗಳಿಗೆ, ಸಮಯ ಬದಲಾವಣೆಗೆ, ಬಿಲ್ಲಿಗೆ ವಾರದಲ್ಲಿ ಒಂದು ಗಂಟೆ. ಒಟ್ಟು ಏಳು ಗಂಟೆ. 60ನ್ನು ಏಳರಿಂದ ಭಾಗಿಸಿದರೆ ಗಂಟೆಗೆ ಎಂಟೂವರೆ ಯೂರೋ ಚಿಲ್ಲರೆ. ಗ್ರಂಥಾಲಯದಲ್ಲಿ ಪುಸ್ತಕ ಜೋಡಿಸುವವನಿಗೂ ಇದಕ್ಕಿಂತ ಹೆಚ್ಚು ದೊರೆಯುತ್ತದೆ.

ಈಗ ಅದೇ ನಾಲ್ಕು ಗಂಟೆಗಳನ್ನು ಬೇರೆ ರೀತಿಯಲ್ಲಿ ವ್ಯವಸ್ಥೆ ಮಾಡಲಿ. ಪ್ರತಿ ತರಗತಿಯಲ್ಲಿ ಮೂವರು ಮಕ್ಕಳು, ಒಬ್ಬೊಬ್ಬರಿಗೆ 8 ಯೂರೋ, ತರಗತಿಗೆ 24. ಒಂದೇ ಪಾಠವನ್ನು ಎರಡು ಗುಂಪುಗಳಿಗೆ ಹೇಳುವುದರಿಂದ ವಾರಕ್ಕೆ ಎರಡೇ ಪಾಠಗಳ ಸಿದ್ಧತೆ, ಒಂದು ಗಂಟೆ. ಪತ್ರವ್ಯವಹಾರಕ್ಕೆ ಮೊದಲಿನಂತೆ ಒಂದು ಗಂಟೆ. ಒಟ್ಟು ಆರು ಗಂಟೆಗೆ 96 ಯೂರೋ, ಗಂಟೆಗೆ 16. ತಂದೆತಾಯಿಗಳಿಗೂ ಅಗ್ಗ, ಅವಳಿಗೂ ಲಾಭ. ಆನ್‌ಲೈನ್ ಪಾಠದ ಗಳಿಕೆಯೆಲ್ಲ ನಿಂತಿರುವುದು ಪಾಠದ ದರದ ಮೇಲಲ್ಲ, ಅದೇ ಸಿದ್ಧತೆಯನ್ನು ಎಷ್ಟು ಸಲ ಬಳಸಬಹುದೆಂಬುದರ ಮೇಲೆ.

ಗಡಿಯಾರದ ತೊಡಕೂ ಒಂದಿದೆ. ಚಳಿಗಾಲದಲ್ಲಿ ಜರ್ಮನಿಯು ನಮಗಿಂತ ನಾಲ್ಕೂವರೆ ಗಂಟೆ ಹಿಂದೆ, ಬೇಸಗೆಯಲ್ಲಿ ಮೂರೂವರೆ. ಹುಮನಾಬಾದಿನ ಎಸ್‌ಎಸ್‌ಎಲ್‌ಸಿ ಹುಡುಗರಿಗೆ ಸಂಜೆ ಏಳಕ್ಕೆ ಗಣಿತ ಹೇಳಬೇಕಾದರೆ ಅವಳಿಗೆ ಅದು ಮಧ್ಯಾಹ್ನ ಎರಡೂವರೆ, ಪ್ರಯೋಗಶಾಲೆಯ ಹೊತ್ತು. ನ್ಯೂಯಾರ್ಕ್ ಕಡೆಯ ಮಕ್ಕಳಿಗೆ ಶನಿವಾರ ಬೆಳಗ್ಗೆ ಹತ್ತೆಂದರೆ ಅವಳಿಗೆ ಸಂಜೆ ನಾಲ್ಕು, ಅನುಕೂಲವಾದ ವೇಳೆ; ಆದರೆ ವಾರದ ನಡುವಿನ ಅಮೆರಿಕೆಯ ಸಂಜೆ ಅವಳ ನಡುರಾತ್ರಿ. ಶನಿವಾರ ಭಾನುವಾರಗಳಲ್ಲಿ ಮಾತ್ರ ತರಗತಿ ಇಟ್ಟುಕೊಂಡವರು ಸೆಮಿಸ್ಟರಿನ ಕೊನೆಯವರೆಗೆ ಬಾಳುತ್ತಾರೆ.

ಉಳಿದ ಉಪಾಯಗಳ ಬಗ್ಗೆ ಬಹಳ ಹೇಳಬೇಕಾದುದಿಲ್ಲ. ಸಮೀಕ್ಷೆಗಳಿಗೆ ಉತ್ತರ ಕೊಡುವುದು, ಚಿತ್ರಗಳಿಗೆ ಗುರುತು ಹಚ್ಚುವುದು, ಬಿಡಿ ಬಿಡಿಯಾಗಿ ಟೈಪು ಮಾಡುವುದು, ಇವು ಗಂಟೆಗಳ ಮಿತಿಯಿಲ್ಲದ ಗೃಹಸ್ಥರಿಗೆ ಒಂದು ಚಿಲ್ಲರೆ ಆದಾಯವಾದೀತು. ಎಣಿಸಿ ಕೊಟ್ಟ ಗಂಟೆಗಳಿರುವವರಿಗೆ ಶುದ್ಧ ನಷ್ಟ, ಮೇಲಾಗಿ ಇವೂ ಸ್ವಯಂ-ಉದ್ಯೋಗದ ಲೆಕ್ಕಕ್ಕೇ ಸೇರುವ ಸಂಭವವುಂಟು. ‘ಒಮ್ಮೆ ಮಾಡಿಟ್ಟರೆ ನಿದ್ದೆಯಲ್ಲೂ ಹಣ’ ಎಂದು ಹೊಗಳುವ ವಿಡಿಯೊ ವಾಹಿನಿ, ಇ-ಪುಸ್ತಕಗಳ ವಿಷಯವೂ ಅಷ್ಟೆ: ಅವನ್ನು ಮಾಡುವ ಶ್ರಮ ಕೆಲಸವೇ, ನಡೆಸುವುದು ವ್ಯವಹಾರವೇ.

ಯಾರಿಗೂ ಗೊತ್ತಾಗುವುದಿಲ್ಲವೆಂಬ ಧೈರ್ಯ ಹಿಂದೆ ಸ್ವಲ್ಪ ನಡೆಯುತ್ತಿತ್ತೇನೋ, ಈಗ ನಡೆಯದು. 2023ರ ಜನವರಿಯಿಂದ ಐರೋಪ್ಯ ಒಕ್ಕೂಟದಲ್ಲಿ, ವೇದಿಕೆಯ ಮೂಲಕ ಸೇವೆ ಮಾರಿ ಗಳಿಸಿದವರ ಹೆಸರು, ಆದಾಯ, ಖಾತೆ ಸಂಖ್ಯೆಗಳನ್ನು ಆ ವೇದಿಕೆಗಳೇ ತೆರಿಗೆ ಇಲಾಖೆಗೆ ವರದಿ ಮಾಡಬೇಕೆಂಬ ನಿಯಮ ಜಾರಿಯಲ್ಲಿದೆ. ಬ್ರಿಟನ್ನಿನಲ್ಲಿ ಅದೇ ಬಗೆಯ ನಿಯಮ 2024ರ ಜನವರಿಯಿಂದ ಬಂದಿತು. ಸಣ್ಣ ಪುಟ್ಟ ಸರಕು ಮಾರಿದವರಿಗೆ ಅದರಲ್ಲಿ ವಿನಾಯಿತಿಯಿದೆ, ಸೇವೆ ಮಾರಿದವರಿಗಿಲ್ಲ. ಅಲ್ಲದೆ ಅನುಮತಿಪತ್ರವನ್ನು ನವೀಕರಿಸುವಾಗ ಜೀವನಕ್ಕೆ ಹಣವೆಲ್ಲಿಂದ ಎಂಬುದನ್ನು ತೋರಿಸಬೇಕಾಗುತ್ತದೆ. ಬ್ಯಾಂಕಿನ ಹಾಳೆಯಲ್ಲಿ ವಾರವಾರವೂ ಅಪರಿಚಿತರಿಂದ ಬಂದ ಸಣ್ಣ ಮೊತ್ತಗಳ ಸಾಲೊಂದು ಕಂಡರೆ ಅಧಿಕಾರಿ ಕೇಳದೆ ಬಿಡುವುದಿಲ್ಲ. ಕೆಲಸವನ್ನು ಊರಿನ ತಂಗಿಯ ಹೆಸರಿನಲ್ಲಿ ತೋರಿಸಿ ಹಣವನ್ನು ಅವಳ ಖಾತೆಗೆ ಹಾಕಿಸುವ ಜಾಣತನವಂತೂ ಇನ್ನೂ ಕೆಟ್ಟದ್ದು: ವೀಸಾದ ಉಲ್ಲಂಘನೆ ಹಾಗೆಯೇ ಉಳಿದು, ತೆರಿಗೆಯ ಸುಳ್ಳು ಅದಕ್ಕೆ ಸೇರುತ್ತದೆ.

ಇದಕ್ಕಿಂತ ಘೋರವಾದ ಅಪಾಯವೊಂದನ್ನು ಊರಿನ ತಂದೆತಾಯಿಗಳೂ ತಿಳಿದಿರಬೇಕು. ಟೆಲಿಗ್ರಾಮಿನಲ್ಲೋ ವಾಟ್ಸಾಪಿನಲ್ಲೋ ‘ಮನೆಯಿಂದಲೇ ಕೆಲಸ, ಹೋಟೆಲುಗಳಿಗೆ ನಕ್ಷತ್ರ ಕೊಟ್ಟರೆ ಸಾಕು’ ಎಂದು ಒಂದು ಸಂದೇಶ ಬರುತ್ತದೆ. ಮೊದಲೆರಡು ದಿನ ನಿಜವಾಗಿಯೂ ಅಲ್ಪ ಹಣ ಬರುತ್ತದೆ. ಮೂರನೆಯ ಹಂತದಲ್ಲಿ ಹೆಚ್ಚಿನ ಕೆಲಸ ತೆರೆಯಲು ಠೇವಣಿ ಕೇಳುತ್ತಾರೆ, ಅದು ಮರಳುವುದಿಲ್ಲ. ಕೆಲಸ ಕೊಡುವವನು ಕೆಲಸಗಾರನಿಂದಲೇ ಹಣ ಕೇಳಿದ ಕ್ಷಣದಲ್ಲಿ ಅದು ಕೆಲಸವಲ್ಲವೆಂದು ತಿಳಿಯತಕ್ಕದ್ದು. ಇನ್ನೊಂದು ಬಗೆಯಲ್ಲಿ ಹಣ ಕೇಳುವುದೇ ಇಲ್ಲ, ಖಾತೆಯನ್ನು ಕೇಳುತ್ತಾರೆ: ‘ನಮ್ಮ ಗಿರಾಕಿಗಳ ಹಣ ನಿನ್ನ ಖಾತೆಗೆ ಬರುತ್ತದೆ, ನೂರಕ್ಕೆ ಐದು ಇಟ್ಟುಕೊಂಡು ಉಳಿದದ್ದನ್ನು ಇಂಥವರಿಗೆ ಕಳಿಸು’. ಹಾಗೆ ಬರುವುದು ಯಾರನ್ನೋ ವಂಚಿಸಿ ದೋಚಿದ ಹಣ. ಅದನ್ನು ದಾಟಿಸಿದವನು ಬ್ರಿಟನ್ನಿನ ಕಾನೂನಿನಂತೆ 14 ವರ್ಷಗಳವರೆಗಿನ ಸೆರೆವಾಸಕ್ಕೆ ಗುರಿಯಾಗಬಲ್ಲನು. ವಿದ್ಯಾರ್ಥಿಗೆ ಗಂಟೆಗಳ ಲೆಕ್ಕವಿಲ್ಲದ ಸುಲಭ ಕೆಲಸವೆಂದು ತೋರುವುದರಿಂದಲೇ ಇದು ಅವನನ್ನು ಸೆಳೆಯುತ್ತದೆ. ಇಂಥ ಜಾಲಕ್ಕೆ ಊರಿನಲ್ಲಿ ಯಾರಾದರೂ ಹಣ ಕಳೆದುಕೊಂಡರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು. ಹಣ ಮುಂದಿನ ಖಾತೆಗೆ ಹೋಗುವ ಮೊದಲೇ ತಡೆಹಿಡಿಯಲು ಸಾಧ್ಯವಾಗುವುದು ಆ ಮೊದಲ ಕೆಲವು ಗಂಟೆಗಳಲ್ಲಿಯೇ.

ನಮ್ಮ ಕಡೆಯ ಒಂದು ಔಪಚಾರಿಕ ಕರ್ತವ್ಯವೂ ಉಂಟು. ಓದಲೆಂದು ಹೊರದೇಶಕ್ಕೆ ಹೋದವರನ್ನು ವಿದೇಶೀ ವಿನಿಮಯದ ವಿಷಯದಲ್ಲಿ ಅನಿವಾಸಿಗಳೆಂದೇ ಪರಿಗಣಿಸತಕ್ಕದ್ದೆಂದು ರಿಸರ್ವ್ ಬ್ಯಾಂಕು 2003ರಲ್ಲಿಯೇ ಸ್ಪಷ್ಟಪಡಿಸಿದೆ. ಆದುದರಿಂದ ಅವರ ಹಳೆಯ ಉಳಿತಾಯ ಖಾತೆಯನ್ನು ಎನ್‌ಆರ್‌ಒ ಖಾತೆಯಾಗಿ ಬದಲಿಸಲು ಶಾಖೆಗೆ ತಿಳಿಸಬೇಕು. ಹೆಚ್ಚಿನ ಮನೆಗಳಲ್ಲಿ ಇದನ್ನು ಮಾಡುವುದಿಲ್ಲ. ಮಗಳು ರಜೆಗೆ ಬಂದಾಗ ಒಂದು ಬೆಳಗಿನ ಕೆಲಸ.

ಕೊಡಂಬಲದಿಂದಲೋ ಚಿಟಗುಪ್ಪದಿಂದಲೋ ಮುಂದಿನ ವರ್ಷ ಹೊರಡಲಿರುವವರಲ್ಲಿ ಒಂದು ವಿನಂತಿ. ದೇಶವನ್ನು ಆರಿಸುವಾಗಲೇ, ಆ ದೇಶದ ವಿದ್ಯಾರ್ಥಿ ವೀಸಾದಲ್ಲಿ ಸ್ವಯಂ-ಉದ್ಯೋಗದ ಬಗ್ಗೆ ಬರೆದಿರುವ ಸಾಲನ್ನು ಸರಕಾರದ ಜಾಲತಾಣದಲ್ಲಿಯೇ ಓದಿ. ಏಜೆಂಟನ ಬಾಯಿಂದ ಕೇಳಬೇಡಿ. ಅಲ್ಲಿ ಇಳಿದ ಮೇಲೆ ಯಾವ ಆನ್‌ಲೈನ್ ಕೆಲಸಕ್ಕೂ ಕೈಹಾಕುವ ಮುನ್ನ ವಿಶ್ವವಿದ್ಯಾಲಯದ ಅಂತರರಾಷ್ಟ್ರೀಯ ವಿದ್ಯಾರ್ಥಿಗಳ ಕಛೇರಿಗೆ ಇ-ಮೇಲ್ ಮೂಲಕ ಪ್ರಶ್ನೆ ಕೇಳಿ, ಬಂದ ಉತ್ತರವನ್ನು ಕಾದಿಡಿ. ಆ ಕಛೇರಿಯ ಸಲಹೆಗೆ ಶುಲ್ಕವಿಲ್ಲ.